ಶೀತಲ ಸಮರದ ಉತ್ತರಕ್ಕೆ ಕಾಂಗೋ ಒಂದನ್ನು ಗಟ್ಟಿಯಾಗಿ ಹಿಡಿಯಿರಿ

ಪ್ರಶ್ನೆ: ಸರ್, ವಿಜಯನಗರದಲ್ಲಿ ರೂಮ್ ಮಾಡಿಕೊಂಡು ಕನ್ನಡ ಮಾಧ್ಯಮದಲ್ಲಿ ಯುಪಿಎಸ್‌ಸಿ ಮೇನ್ಸ್‌ಗೆ ಓದುತ್ತಿದ್ದೇನೆ. ‘ಹೊಸದಾಗಿ ಸ್ವತಂತ್ರವಾದ ರಾಷ್ಟ್ರಗಳ ಮೇಲೆ ಶೀತಲ ಸಮರದ ಪರಿಣಾಮವನ್ನು ವಿಶ್ಲೇಷಿಸಿ’ ಎಂಬ 15 ಅಂಕದ ಪ್ರಶ್ನೆಗೆ ಕೊರಿಯಾ, ವಿಯೆಟ್ನಾಂ, ಕ್ಯೂಬಾ, ಅಫ್ಘಾನಿಸ್ತಾನ, ಶಸ್ತ್ರಾಸ್ತ್ರ ಪೈಪೋಟಿ, ಅಲಿಪ್ತ ಚಳವಳಿ ಎಲ್ಲವನ್ನೂ ಬರೆದಿದ್ದೆ. ಟೆಸ್ಟ್ ಸೀರೀಸ್‌ನಲ್ಲಿ 4 ಅಂಕ ಬಂತು. ‘ಪಟ್ಟಿ ಇದೆ, ವಿಶ್ಲೇಷಣೆ ಇಲ್ಲ’ ಅಂತ ಷರಾ ಬರೆದಿದ್ದಾರೆ. ಒಂದು ಪಾಯಿಂಟೂ ಬಿಟ್ಟಿಲ್ಲವಲ್ಲ, ಇನ್ನೇನು ಬರೆಯಬೇಕಿತ್ತು? ಒಂದು ಮಾದರಿ ಉತ್ತರ ಬರೆದು ತೋರಿಸಿ.

ಉತ್ತರ: ಮೊದಲು ಕ್ಯೂಬಾವನ್ನು ಹೊಡೆದುಹಾಕಿ. ಅದು ಸ್ಪೇನಿನ ಹಿಡಿತದಿಂದ ಬಿಡಿಸಿಕೊಂಡು 1902ರಲ್ಲೇ ಗಣರಾಜ್ಯವಾದ ದೇಶ. ಅಫ್ಘಾನಿಸ್ತಾನ 1919ರಲ್ಲೇ ತನ್ನ ವಿದೇಶಾಂಗ ವ್ಯವಹಾರವನ್ನು ಬ್ರಿಟಿಷರಿಂದ ಬಿಡಿಸಿಕೊಂಡಿತ್ತು. ಚಿಲಿ, ಗ್ವಾಟೆಮಾಲಾಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಸ್ವತಂತ್ರವಾದವು, ಇರಾನ್ ಯಾರ ವಸಾಹತೂ ಆಗಿರಲಿಲ್ಲ. ಇವೆಲ್ಲ ಶೀತಲ ಸಮರದ ದೊಡ್ಡ ಅಧ್ಯಾಯಗಳೇ, ಆದರೆ ಈ ಪ್ರಶ್ನೆಯ ಅಧ್ಯಾಯಗಳಲ್ಲ. ‘ಹೊಸದಾಗಿ ಸ್ವತಂತ್ರವಾದ’ ಎಂಬ ಎರಡು ಪದಗಳು 1945ರ ನಂತರ ವಸಾಹತು ಆಡಳಿತದಿಂದ ಹೊರಬಂದ ದೇಶಗಳಿಗೆ ಬೇಲಿ ಹಾಕಿವೆ. ಬೇಲಿಯ ಆಚೆಯದನ್ನು ಬರೆದರೆ ಅಂಕ ಸಿಗದಿರುವುದಷ್ಟೇ ಅಲ್ಲ, ಪ್ರಶ್ನೆಯನ್ನು ಪೂರ್ತಿ ಓದಿಲ್ಲ ಎಂಬುದೂ ಮೌಲ್ಯಮಾಪಕರಿಗೆ ಗೊತ್ತಾಗುತ್ತದೆ. ನಿಮ್ಮ ನಾಲ್ಕು ದೇಶಗಳಲ್ಲಿ ಎರಡು ಹೀಗೇ ಹೋದವು.

ಇನ್ನು ‘ಪರಿಣಾಮ’ ಎಂಬ ಪದ. ಶೀತಲ ಸಮರದ ಕಾಲದಲ್ಲಿ ಆದದ್ದೆಲ್ಲ ಶೀತಲ ಸಮರದ ಪರಿಣಾಮವಲ್ಲ. ಪ್ರತಿ ಘಟನೆಯನ್ನೂ ಕಾಗದಕ್ಕೆ ಇಳಿಸುವ ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳಿ: ಅಮೆರಿಕ–ಸೋವಿಯತ್ ಪೈಪೋಟಿ ಇಲ್ಲದಿದ್ದರೂ ಇದು ಆಗುತ್ತಿತ್ತೇ? ಆಗುತ್ತಿತ್ತು ಎನಿಸಿದರೆ ಅದು ವಸಾಹತುಶಾಹಿಯ ಪರಿಣಾಮವೋ, ಒಳಜಗಳದ ಪರಿಣಾಮವೋ ಇರಬೇಕು. ಆಗುತ್ತಿರಲಿಲ್ಲ, ಅಥವಾ ಬೇರೆ ರೀತಿ ಮುಗಿಯುತ್ತಿತ್ತು ಎನಿಸಿದರೆ ಮಾತ್ರ ಈ ಉತ್ತರದಲ್ಲಿ ಅದಕ್ಕೆ ಜಾಗ. ‘ವಿಶ್ಲೇಷಿಸಿ’ ಎಂದು ಕೇಳುವವರು ಬಯಸುವುದು ಈ ಜರಡಿ ಹಿಡಿಯುವ ಕೆಲಸವನ್ನು. ಅದನ್ನು ಹತ್ತು ದೇಶಗಳ ಮೇಲೆ ಮಾಡಲು ಹನ್ನೊಂದು ನಿಮಿಷ ಸಾಲದು. ಒಂದು ದೇಶದ ಮೇಲೆ ಪೂರ್ತಿಯಾಗಿ ಮಾಡಬಹುದು, ಅದಕ್ಕೆ ಕಾಂಗೋದಷ್ಟು ಒಳ್ಳೆಯ ದೇಶ ಇನ್ನೊಂದಿಲ್ಲ.

ಕಾಂಗೋ ಬೆಲ್ಜಿಯಂನಿಂದ ಸ್ವತಂತ್ರವಾದದ್ದು 1960ರ ಜೂನ್ 30ರಂದು. ಲುಮುಂಬಾ ಪ್ರಧಾನಿ, ಕಾಸಾವುಬು ಅಧ್ಯಕ್ಷ. ಇಡೀ ದೇಶದಲ್ಲಿ ಪದವೀಧರರು ಮೂವತ್ತು ಮಂದಿಯೂ ಇರಲಿಲ್ಲ. ಸೈನ್ಯದ ಅಧಿಕಾರಿಗಳೆಲ್ಲ ಬೆಲ್ಜಿಯಂನವರು. ಸ್ವಾತಂತ್ರ್ಯ ಬಂದರೂ ತಮ್ಮ ಮೇಲಿನವರು ಬದಲಾಗುವುದಿಲ್ಲ ಎಂದು ತಿಳಿದ ಸೈನಿಕರು ಜುಲೈ 5ರಂದು ದಂಗೆ ಎದ್ದರು. ಬಡ್ತಿ ಕೇಳಲು ಬಂದವರ ಎದುರು ಬೆಲ್ಜಿಯನ್ ಸೇನಾಪತಿ ಯಾನ್ಸೆನ್ಸ್ ಕಪ್ಪು ಹಲಗೆಯ ಮೇಲೆ ‘ಸ್ವಾತಂತ್ರ್ಯಕ್ಕೆ ಮೊದಲು = ಸ್ವಾತಂತ್ರ್ಯದ ನಂತರ’ ಎಂದು ಬರೆದಿದ್ದ. ಈಗ ಜರಡಿ ಹಿಡಿಯಿರಿ. ಶೀತಲ ಸಮರ ಇಲ್ಲದಿದ್ದರೂ ಈ ದಂಗೆ ಆಗುತ್ತಿತ್ತು. ಇದು ಬೆಲ್ಜಿಯಂ ಬಿಟ್ಟುಹೋದ ಬಿರುಕು.

ಜುಲೈ 11ರಂದು ಕಟಾಂಗ ಪ್ರಾಂತ್ಯ ಬೇರೆಯಾಯಿತು. ದೇಶದ ಆಗ್ನೇಯ ಮೂಲೆಯ ಈ ಪ್ರಾಂತ್ಯದಲ್ಲಿ ತಾಮ್ರ, ಕೋಬಾಲ್ಟ್ ಗಣಿಗಳಿದ್ದವು. ಅವು ಬೆಲ್ಜಿಯನ್ ಬಂಡವಾಳದ ಗಣಿ ಕಂಪನಿಯ ಕೈಯಲ್ಲಿದ್ದವು. ಬೇರೆಯಾಗುವುದಾಗಿ ಘೋಷಿಸಿದ ಪ್ರಾಂತ್ಯದ ನಾಯಕ ಚೊಂಬೆಯ ಬೆನ್ನಿಗೆ ಬೆಲ್ಜಿಯಂನ ಸೈನಿಕರೂ ಕಂಪನಿಯ ಹಣವೂ ಇದ್ದವು. ಇದೂ ಮುಖ್ಯವಾಗಿ ವಸಾಹತು ಬಂಡವಾಳದ ಕೆಲಸ. ‘ಮಹಾಶಕ್ತಿಗಳು ಕಾಂಗೋವನ್ನು ಒಡೆದವು’ ಎಂದು ಬಹಳ ಮಂದಿ ಬರೆಯುತ್ತಾರೆ. ಒಡೆದದ್ದು ಅವರಲ್ಲ.

ಶೀತಲ ಸಮರ ಬಾಗಿಲು ದಾಟುವುದು ಇದರ ನಂತರ. ಲುಮುಂಬಾ ಮತ್ತು ಕಾಸಾವುಬು ಇಬ್ಬರೂ ಸೇರಿ ವಿಶ್ವಸಂಸ್ಥೆಯ ನೆರವು ಕೇಳಿದರು. ಜುಲೈ 14ರಂದು ಭದ್ರತಾ ಮಂಡಳಿ ಬೆಲ್ಜಿಯನ್ ಪಡೆಗಳು ಹಿಂದೆ ಸರಿಯಬೇಕೆಂದು ಹೇಳಿ ಶಾಂತಿಪಾಲನಾ ಪಡೆ ಕಳಿಸಲು ನಿರ್ಧರಿಸಿತು. ಅಮೆರಿಕ, ಸೋವಿಯತ್ ಎರಡೂ ಆ ನಿರ್ಣಯದ ಪರ ಮತ ಹಾಕಿದ್ದವು, ಇದನ್ನು ನೆನಪಿಡಿ. ಆದರೆ ಮಹಾಕಾರ್ಯದರ್ಶಿ ಹ್ಯಾಮರ್‌ಶೀಲ್ಡ್, ಕಟಾಂಗವನ್ನು ಮತ್ತೆ ಸೇರಿಸಲು ಆ ಪಡೆಯನ್ನು ಬಳಸಲು ಒಪ್ಪಲಿಲ್ಲ. ಜುಲೈ ಕೊನೆಯಲ್ಲಿ ಲುಮುಂಬಾ ವಾಷಿಂಗ್ಟನ್‌ಗೆ ಹೋದರು, ಅಧ್ಯಕ್ಷ ಐಸೆನ್‌ಹೋವರ್ ಭೇಟಿಯಾಗಲಿಲ್ಲ, ಬೇಕಾದ ನೆರವೂ ದೊರೆಯಲಿಲ್ಲ. ಆಮೇಲೆ ಅವರು ನೇರವಾಗಿ ಮಾಸ್ಕೋದ ಸಹಾಯ ಪಡೆದರು. ಆಗಸ್ಟ್‌ನಲ್ಲಿ ಸೋವಿಯತ್ ವಿಮಾನಗಳೂ ಲಾರಿಗಳೂ ಬಂದವು. ಅಲ್ಲಿಗೆ ಒಂದು ಪ್ರಾಂತ್ಯದ ಜಗಳ ಎರಡು ಬಣಗಳ ಜಗಳವಾಯಿತು. ಸೆಪ್ಟೆಂಬರ್ 5ರಂದು ಕಾಸಾವುಬು ಪ್ರಧಾನಿಯನ್ನು ವಜಾ ಮಾಡಿದರು, 14ರಂದು ಸೇನಾ ಮುಖ್ಯಸ್ಥ ಮೊಬುಟು ಅಧಿಕಾರ ಹಿಡಿದು ಸೋವಿಯತ್ ರಾಯಭಾರ ಕಚೇರಿಯನ್ನೇ ಖಾಲಿ ಮಾಡಿಸಿದ. 1961ರ ಜನವರಿ 17ರಂದು ಕಟಾಂಗದಲ್ಲಿ ಲುಮುಂಬಾ ಹತ್ಯೆಯಾಯಿತು.

ಇಲ್ಲಿ ಒಂದು ಎಚ್ಚರಿಕೆ. ‘ಸಿಐಎ ಲುಮುಂಬಾರನ್ನು ಕೊಂದಿತು’ ಎಂದು ಬರೆಯಬೇಡಿ. ಅಮೆರಿಕದ ಸೆನೆಟ್ ಸಮಿತಿ 1975ರಲ್ಲಿ ದಾಖಲಿಸಿದ್ದು ಇಷ್ಟು: ಸಿಐಎ ಅವರನ್ನು ಕೊಲ್ಲಲು ಸಂಚು ಹೂಡಿ ವಿಷವನ್ನೂ ಕಳಿಸಿತ್ತು, ಆ ವಿಷ ಬಳಕೆಯಾಗಲಿಲ್ಲ. ಗುಂಡಿಕ್ಕಿದ್ದು ಕಟಾಂಗದವರು, ಸ್ಥಳದಲ್ಲಿ ಬೆಲ್ಜಿಯನ್ ಅಧಿಕಾರಿಗಳಿದ್ದರು. ಬೆಲ್ಜಿಯಂ ಸಂಸತ್ತಿನ ಆಯೋಗ 2001ರಲ್ಲಿ ತನ್ನ ದೇಶದ ನೈತಿಕ ಹೊಣೆಯನ್ನು ಒಪ್ಪಿಕೊಂಡಿತು. ಉತ್ತರದಲ್ಲಿ ಇಷ್ಟೆಲ್ಲ ಬರೆಯಲು ಜಾಗವಿಲ್ಲ, ‘ಬೆಲ್ಜಿಯಂ ಮತ್ತು ಅಮೆರಿಕದ ಒಳಸಂಚಿನ ನಡುವೆ ಹತ್ಯೆಯಾಯಿತು’ ಎಂದರೆ ಸತ್ಯಕ್ಕೆ ಭಂಗವಿಲ್ಲ.

ನಿಜವಾದ ವಿಶ್ಲೇಷಣೆ ಹತ್ಯೆಯಲ್ಲಿಲ್ಲ, ಅದರ ನಂತರದ ವರ್ಷಗಳಲ್ಲಿದೆ. 1965ರಲ್ಲಿ ಮೊಬುಟು ಪೂರ್ಣಾಧಿಕಾರ ಹಿಡಿದು 1997ರವರೆಗೆ ಕೂತ. ಒಬ್ಬ ಸೈನ್ಯಾಧಿಕಾರಿ ಅಧಿಕಾರ ಕಸಿಯುವುದು ಎಲ್ಲಾದರೂ ಆಗಬಹುದು. ಖಜಾನೆ ಬರಿದು ಮಾಡಿಯೂ ಮೂವತ್ತೆರಡು ವರ್ಷ ಉಳಿಯುವುದಕ್ಕೆ ಹೊರಗಿನ ಊರುಗೋಲು ಬೇಕು. 1975ರಲ್ಲಿ ನೆರೆಯ ಅಂಗೋಲಾದಲ್ಲಿ ಸೋವಿಯತ್ ಬೆಂಬಲದ ಪಕ್ಷದ ವಿರುದ್ಧ ಅಮೆರಿಕ ಹಣ, ಆಯುಧ ಸಾಗಿಸಿದ್ದು ಇವನ ನೆಲದಿಂದ. ಕಟಾಂಗದಲ್ಲಿ 1977 ಮತ್ತು 78ರಲ್ಲಿ ದಾಳಿಯಾದಾಗ ಮೊದಲ ಸಲ ಮೊರಾಕ್ಕೊದ ಸೈನಿಕರು, ಎರಡನೆಯ ಸಲ ಫ್ರೆಂಚ್ ಪಡೆಗಳು ಬಂದು ಇವನನ್ನು ಉಳಿಸಿದರು. ಅತ್ತ ಶೀತಲ ಸಮರ ಮುಗಿಯುತ್ತ ಬಂದ ಹಾಗೆ ಇತ್ತ 1990ರ ಏಪ್ರಿಲ್‌ನಲ್ಲಿ ಏಕಪಕ್ಷ ಪದ್ಧತಿಯನ್ನು ಕೈಬಿಡುವುದಾಗಿ ಅವನೇ ಘೋಷಿಸಬೇಕಾಯಿತು. 1997ರಲ್ಲಿ ಬಂಡುಕೋರರು ರಾಜಧಾನಿಗೆ ಬಂದಾಗ ಯಾವ ಪಾಶ್ಚಾತ್ಯ ವಿಮಾನವೂ ನೆರವಿಗೆ ಬರಲಿಲ್ಲ. ಊರುಗೋಲು ಕಿತ್ತಾಗ ಬಿದ್ದವನು ನಿಂತದ್ದು ಯಾವುದರ ಮೇಲೆ ಎಂಬುದು ತಾನೇ ಸ್ಪಷ್ಟ. ಕಾಲಾನುಕ್ರಮವನ್ನು ಹೀಗೆ ಪುರಾವೆಯಾಗಿ ಬಳಸಿದರೆ ‘ವಿಶ್ಲೇಷಣೆ ಇಲ್ಲ’ ಎನ್ನಲಾಗುವುದಿಲ್ಲ.

ಆದರೆ ಇಷ್ಟೇ ಬರೆದರೆ ಉತ್ತರ ಕುಂಟುತ್ತದೆ. ಹೊಸ ರಾಷ್ಟ್ರಗಳೆಲ್ಲ ಬರೀ ಏಟು ತಿಂದವು ಎಂದಾಗುತ್ತದೆ. ಅದೇ ಪೈಪೋಟಿಯನ್ನು ಬಂಡವಾಳ ಮಾಡಿಕೊಂಡವರೂ ಇದ್ದರು. ಅದಕ್ಕೆ ಈಜಿಪ್ಟ್ ಸಾಕು. ಅದು ಹೆಸರಿಗೆ 1922ರಲ್ಲೇ ಸ್ವತಂತ್ರವಾಗಿದ್ದರೂ ಬ್ರಿಟಿಷ್ ಪಡೆಗಳು ಪೂರ್ತಿ ಜಾಗ ಖಾಲಿ ಮಾಡಿದ್ದು 1956ರಲ್ಲಿ, ಹಾಗಾಗಿ ಬೇಲಿಯ ಒಳಗೇ ಇಟ್ಟುಕೊಳ್ಳಬಹುದು. ಅಸ್ವಾನ್ ಅಣೆಕಟ್ಟಿಗೆ ಅಮೆರಿಕ, ಬ್ರಿಟನ್ 1955ರ ಡಿಸೆಂಬರ್‌ನಲ್ಲಿ ಹಣ ಕೊಡಲು ಮುಂದೆ ಬಂದವು. ನಾಸರ್ ಆಗಲೇ ಚೆಕೊಸ್ಲೊವಾಕಿಯಾದ ಮೂಲಕ ಸೋವಿಯತ್ ಆಯುಧ ಕೊಂಡಿದ್ದರು, 1956ರ ಮೇನಲ್ಲಿ ಕಮ್ಯುನಿಸ್ಟ್ ಚೀನಾಕ್ಕೆ ಮಾನ್ಯತೆಯನ್ನೂ ಕೊಟ್ಟರು. ಜುಲೈ 19ರಂದು ಅಮೆರಿಕ ಕೈ ಹಿಂತೆಗೆಯಿತು. ಒಂದು ವಾರದ ನಂತರ, 26ರಂದು, ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿದರು. 1958ರಲ್ಲಿ ಸೋವಿಯತ್ ಸಾಲದ ಒಪ್ಪಂದವಾಯಿತು, 1960ರಲ್ಲಿ ಕೆಲಸ ಶುರುವಾಗಿ 1970ರಲ್ಲಿ ಅಣೆಕಟ್ಟು ಮುಗಿಯಿತು. ಸೋವಿಯತ್ ಹಣ ಬರುತ್ತಿದ್ದ ಕಾಲದಲ್ಲೇ, 1959ರಲ್ಲಿ, ನಾಸರ್ ತಮ್ಮ ದೇಶದ ಕಮ್ಯುನಿಸ್ಟರನ್ನು ಜೈಲಿಗೆ ತಳ್ಳಿದರು. ಹಣ ತಂದರೂ ಜುಟ್ಟು ಕೊಡಲಿಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಭಾರತಕ್ಕೆ ಒಂದು ವಾಕ್ಯ ಸಾಕು. ಉಕ್ಕಿನ ಕಾರ್ಖಾನೆ ಕಟ್ಟಲು ಭಿಲಾಯಿಗೆ ಸೋವಿಯತ್, ರೂರ್ಕೆಲಾಕ್ಕೆ ಪಶ್ಚಿಮ ಜರ್ಮನಿ, ದುರ್ಗಾಪುರಕ್ಕೆ ಬ್ರಿಟನ್ ಕೈಜೋಡಿಸಿದ್ದನ್ನು ಹೇಳಿ ಮುಂದೆ ಹೋಗಿ. ಬೆಂಗಳೂರಿನಲ್ಲಿ ಓದುವವರಿಗೆ ಎಚ್‌ಎಎಲ್‌ನ ಮಾರುತ್ ಯುದ್ಧವಿಮಾನವನ್ನು ಎಳೆದುತರುವ ಆಸೆ ಹುಟ್ಟುತ್ತದೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ನಿಂತಿರುವುದು ಅದೇ. ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ಇಲ್ಲೇ ತಯಾರಾಗಿ 1961ರಲ್ಲಿ ಹಾರಿತು, ಆದರೆ ಅದಕ್ಕೆ ತಕ್ಕ ಶಕ್ತಿಯ ಎಂಜಿನ್ ಕೊನೆಗೂ ಸಿಗಲಿಲ್ಲ, ಅತ್ತ ಸೋವಿಯತ್ ಮಿಗ್-21 ಬಂತು. ಕತೆ ಚೆನ್ನಾಗಿದೆ, ಜರಡಿಯಲ್ಲಿ ಮಾತ್ರ ನಿಲ್ಲುವುದಿಲ್ಲ. ಬೇಕಿದ್ದ ಬ್ರಿಟಿಷ್ ಎಂಜಿನ್ ಕೈತಪ್ಪಿದ್ದರಲ್ಲಿ ಅದರ ಅಭಿವೃದ್ಧಿಗೆ ಯಾರು ಹಣ ಹಾಕಬೇಕೆಂಬ ಪ್ರಶ್ನೆಯೇ ದೊಡ್ಡದಿತ್ತು. ಪ್ರಬಂಧಕ್ಕೆ ಇಟ್ಟುಕೊಳ್ಳಿ, ಇಲ್ಲಿಗೆ ಬೇಡ.

ಈಗ ಉತ್ತರ. ಪ್ರಶ್ನೆಪತ್ರಿಕೆ 250 ಪದ ಎಂದರೂ ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದದೊಳಗೇ ಸೇರಿಹೋಗುವುದರಿಂದ 160ರಿಂದ 190 ಪದಗಳಲ್ಲಿ ಇಂಗ್ಲಿಷಿನ 250 ಪದಗಳ ವಿಷಯ ಹಿಡಿಯುತ್ತದೆ. 250 ತುಂಬಿಸಬೇಕೆಂದು ಹಿಗ್ಗಿಸಲು ಹೋದರೆ ಸಮಯವೂ ಹೋಗುತ್ತದೆ, ಬಿಗಿಯೂ ಹೋಗುತ್ತದೆ. ಮೂರು ಗಂಟೆಗೆ 20 ಪ್ರಶ್ನೆ, 250 ಅಂಕ. ಹಾಗಾಗಿ 15 ಅಂಕಕ್ಕೆ ಸುಮಾರು ಹನ್ನೊಂದು ನಿಮಿಷ. ಅದರಲ್ಲಿ ಎರಡು ನಿಮಿಷ ಜರಡಿಗೆ, ಉಳಿದದ್ದು ಬರವಣಿಗೆಗೆ.

ಮಾದರಿ ಉತ್ತರ:

“ವಸಾಹತುಗಳ ವಿಮೋಚನೆ ಮತ್ತು ಶೀತಲ ಸಮರ ಒಂದೇ ಕಾಲದಲ್ಲಿ ನಡೆದವು, 1960ರೊಂದರಲ್ಲೇ 17 ರಾಷ್ಟ್ರಗಳು ವಿಶ್ವಸಂಸ್ಥೆ ಸೇರಿದವು. ಕೊರಿಯಾದಂತಹ ಅಪವಾದ ಬಿಟ್ಟರೆ, ಹೊಸ ರಾಷ್ಟ್ರಗಳ ಒಳಬಿರುಕುಗಳನ್ನು ಶೀತಲ ಸಮರ ಹುಟ್ಟಿಸಲಿಲ್ಲ. ವಸಾಹತುಶಾಹಿ ಬಿಟ್ಟುಹೋದ ಬಿರುಕುಗಳು ಹೇಗೆ ಮುಗಿಯಬೇಕೆಂಬುದನ್ನು ಅದು ನಿರ್ಧರಿಸಿತು. ಕೆಲವರಿಗೆ ಚೌಕಾಶಿಯ ಅವಕಾಶವನ್ನೂ ಕೊಟ್ಟಿತು.

ಕಾಂಗೋದಲ್ಲಿ 1960ರ ಸೇನಾ ದಂಗೆಗೂ ಕಟಾಂಗದ ಪ್ರತ್ಯೇಕತೆಗೂ ಬೆಲ್ಜಿಯಂನ ಆಡಳಿತ ಮತ್ತು ಗಣಿ ಹಿತಾಸಕ್ತಿ ಕಾರಣ. ಆದರೆ ಪ್ರಧಾನಿ ಲುಮುಂಬಾ ಸೋವಿಯತ್ ನೆರವು ಪಡೆದ ಕೂಡಲೇ ಅದು ಬಣಗಳ ಹೋರಾಟವಾಯಿತು. ಬೆಲ್ಜಿಯಂ ಮತ್ತು ಅಮೆರಿಕದ ಒಳಸಂಚಿನ ನಡುವೆ 1961ರ ಜನವರಿಯಲ್ಲಿ ಅವರ ಹತ್ಯೆಯಾಯಿತು.

ಇದಕ್ಕಿಂತ ಆಳವಾದ ಪರಿಣಾಮ ಸರ್ವಾಧಿಕಾರದ ದೀರ್ಘಾಯುಷ್ಯ. 1965ರಲ್ಲಿ ಪೂರ್ಣಾಧಿಕಾರ ಹಿಡಿದ ಮೊಬುಟು, ಕಮ್ಯುನಿಸ್ಟ್ ವಿರೋಧಿ ಎಂಬ ಕಾರಣಕ್ಕೆ ಪಾಶ್ಚಾತ್ಯ ನೆರವಿನಿಂದ ಉಳಿದ. 1977–78ರಲ್ಲಿ ವಿದೇಶಿ ಪಡೆಗಳೇ ಅವನನ್ನು ಕಾಪಾಡಿದವು. ಶೀತಲ ಸಮರ ಮುಗಿದಾಗ ಬೆಂಬಲ ಕರಗಿತು, 1997ರಲ್ಲಿ ಪದಚ್ಯುತನಾದ. ಪ್ರಜೆಗಳಿಗೆ ಉತ್ತರಿಸಬೇಕಾದ ಸರ್ಕಾರ ಪೋಷಕ ರಾಷ್ಟ್ರಕ್ಕೆ ಉತ್ತರಿಸುವಂತಾಯಿತು.

ಎಲ್ಲ ರಾಷ್ಟ್ರಗಳೂ ಹೀಗೆ ದಾಳವಾಗಲಿಲ್ಲ. ಅಸ್ವಾನ್ ಅಣೆಕಟ್ಟಿಗೆ 1956ರಲ್ಲಿ ಅಮೆರಿಕ ನೆರವು ನಿಲ್ಲಿಸಿದಾಗ ನಾಸರ್ ಸೂಯೆಜ್ ರಾಷ್ಟ್ರೀಕರಿಸಿ, ಮುಂದೆ ಸೋವಿಯತ್ ಸಾಲ ಪಡೆದರು. ಆದರೂ ಸ್ವದೇಶದ ಕಮ್ಯುನಿಸ್ಟರನ್ನು ಬಂಧಿಸಿದರು. ಭಾರತ ಭಿಲಾಯಿಗೆ ಸೋವಿಯತ್, ರೂರ್ಕೆಲಾಕ್ಕೆ ಪಶ್ಚಿಮ ಜರ್ಮನಿಯ ತಂತ್ರಜ್ಞಾನ ಪಡೆಯಿತು. 1961ರ ಬೆಲ್‌ಗ್ರೇಡ್ ಸಮ್ಮೇಳನ ಈ ಚೌಕಾಶಿಗೆ ಸಾಮೂಹಿಕ ರೂಪ ಕೊಟ್ಟಿತು.

ಕಾಂಗೋಗೆ ಸಿಗದ ಅವಕಾಶ ಈಜಿಪ್ಟ್, ಭಾರತಗಳಿಗೆ ಸಿಕ್ಕಿದ್ದು ಸ್ವಂತ ಸೇನೆ, ಆಡಳಿತ ವರ್ಗ, ಒಗ್ಗಟ್ಟಿನ ನಾಯಕತ್ವ ಇದ್ದುದರಿಂದ. ಹೀಗಾಗಿ ಶೀತಲ ಸಮರದ ಪರಿಣಾಮ, ಸ್ವಾತಂತ್ರ್ಯದ ದಿನ ರಾಷ್ಟ್ರದ ಕೈಯಲ್ಲಿದ್ದ ಸಂಸ್ಥೆಗಳ ಬಲಕ್ಕೆ ತಕ್ಕಂತೆ ಬದಲಾಯಿತು.”

ಮುನ್ನುಡಿಯಲ್ಲಿ ಶೀತಲ ಸಮರ ಎಂದರೇನು, ಯಾವಾಗ ಶುರುವಾಯಿತು ಎಂಬ ವಿವರಣೆ ಇಲ್ಲದ್ದನ್ನು ಗಮನಿಸಿ. ಅದನ್ನು ಕೇಳಿಲ್ಲ. ನ್ಯಾಟೋ, ವಾರ್ಸಾ ಒಪ್ಪಂದಗಳ ಹೆಸರೂ ಇಲ್ಲ. ಅವು ಯುರೋಪಿನ ಕತೆ. ಕೊರಿಯಾದ ಅಪವಾದವನ್ನು ಬೇಕೆಂದೇ ಸೇರಿಸಿದೆ. ಅಲ್ಲಿ 38ನೇ ಅಕ್ಷಾಂಶದ ಗೆರೆಯನ್ನು 1945ರ ಆಗಸ್ಟ್‌ನಲ್ಲಿ ಎಳೆದದ್ದು ಅಮೆರಿಕದವರು, ಒಪ್ಪಿದ್ದು ಸೋವಿಯತ್. ಜಪಾನ್ ಆಳುತ್ತಿದ್ದಾಗ ಅಂಥ ಗೆರೆ ಇರಲಿಲ್ಲ. ಅಂದರೆ ಬಿರುಕನ್ನೇ ಹೊರಗಿನವರು ಮಾಡಿದರು, ನಮ್ಮ ವಾದ ಅಲ್ಲಿ ನಿಲ್ಲುವುದಿಲ್ಲ. ನಿಮ್ಮ ವಾದಕ್ಕೆ ಎದುರಾಗುವ ದೇಶವನ್ನು ನೀವೇ ಮೊದಲ ಪ್ಯಾರಾದಲ್ಲಿ ಹೆಸರಿಸಿಬಿಟ್ಟರೆ ಮೌಲ್ಯಮಾಪಕರು ಅದನ್ನು ಹುಡುಕಿ ಅಂಕ ಕಡಿಯುವ ಅವಕಾಶ ಇರುವುದಿಲ್ಲ.

ಕೊನೆಯ ಪ್ಯಾರಾದಲ್ಲಿ ಬಹುತೇಕರು ಜಾರುತ್ತಾರೆ. ಮೂರು ಪ್ಯಾರಾ ನೆಟ್ಟಗೆ ಬರೆದು, ಕಡೆಗೆ ‘ವಿಶ್ವಶಾಂತಿಗೆ ಭಾರತದ ವಸುಧೈವ ಕುಟುಂಬಕಂ ತತ್ತ್ವವೇ ದಾರಿ’ ಎಂದು ಮುಗಿಸುತ್ತಾರೆ. ಮೇಲಿನ ಉತ್ತರದ ಕೊನೆ ಎರಡು ಉದಾಹರಣೆಗಳನ್ನು ಪಕ್ಕಪಕ್ಕ ಇಟ್ಟು ‘ಏಕೆ ಒಂದಕ್ಕೆ ಹಾಗೆ, ಇನ್ನೊಂದಕ್ಕೆ ಹೀಗೆ’ ಎಂದು ಕೇಳಿಕೊಂಡಾಗ ಬಂದದ್ದು. ಕಾಂಗೋದ ಸೈನ್ಯದಲ್ಲಿ ಸ್ವಂತ ಅಧಿಕಾರಿಗಳೇ ಇರಲಿಲ್ಲ ಎಂಬ ಚಿಕ್ಕ ವಿವರ ಇಲ್ಲಿಗೆ ಬಂದು ಕೆಲಸ ಮಾಡುತ್ತದೆ.

ಇನ್ನೊಂದು ತಪ್ಪು ಪದೇ ಪದೇ ಕಣ್ಣಿಗೆ ಬೀಳುತ್ತದೆ: ‘1955ರ ಬಾಂಡುಂಗ್‌ನಲ್ಲಿ ಅಲಿಪ್ತ ಚಳವಳಿ ಸ್ಥಾಪನೆಯಾಯಿತು’. ಬಾಂಡುಂಗ್‌ನಲ್ಲಿ ಸೇರಿದ್ದು ಏಷ್ಯಾ, ಆಫ್ರಿಕಾದ 29 ದೇಶಗಳು. ಅಮೆರಿಕದ ಮಿತ್ರರಾಗಿದ್ದ ಪಾಕಿಸ್ತಾನ, ಟರ್ಕಿ, ಇತ್ತ ಕಮ್ಯುನಿಸ್ಟ್ ಚೀನಾ ಎಲ್ಲ ಅಲ್ಲಿದ್ದವು. ಅದನ್ನು ಅಲಿಪ್ತರ ಕೂಟ ಎನ್ನಲಾಗದು. ಚಳವಳಿ ಶುರುವಾದದ್ದು 1961ರ ಸೆಪ್ಟೆಂಬರ್‌ನಲ್ಲಿ, ಬೆಲ್‌ಗ್ರೇಡ್‌ನಲ್ಲಿ. ಹಾಗೆಯೇ ಅಲಿಪ್ತತೆ ಎಂದರೆ ತಟಸ್ಥತೆ ಎಂದೂ ಬರೆಯಬೇಡಿ. ಕಾಂಗೋಗೆ ವಿಶ್ವಸಂಸ್ಥೆಯ ಪಡೆಯಲ್ಲಿ ಭಾರತ ಒಂದು ಬ್ರಿಗೇಡನ್ನೇ ಕಳಿಸಿತ್ತು. 1961ರ ಡಿಸೆಂಬರ್‌ನಲ್ಲಿ ಕಟಾಂಗದ ಎಲಿಜಬೆತ್‌ವಿಲ್‌ನಲ್ಲಿ ಹೋರಾಡಿ ಮಡಿದ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಅವರಿಗೆ ಪರಮವೀರ ಚಕ್ರ ಸಂದಿತು. ತಟಸ್ಥರು ಹಾಗೆ ಹೋರಾಡುವುದಿಲ್ಲ. ಪ್ರಶ್ನೆಯಲ್ಲಿ ಭಾರತದ ಪಾತ್ರದ ಮಾತು ಬಂದರೆ ಈ ಸಾಲು ಕಾಂಗೋ ಪ್ಯಾರಾಕ್ಕೆ ನೇರವಾಗಿ ಅಂಟಿಕೊಳ್ಳುತ್ತದೆ.

ನಕ್ಷೆ ಹಾಕುವುದಾದರೆ ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಡ. ಆಫ್ರಿಕಾದ ಹೊರಗೆರೆ, ನಡುವೆ ಕಾಂಗೋ, ಪಶ್ಚಿಮದ ತುದಿಯಲ್ಲಿ ರಾಜಧಾನಿ ಲಿಯೋಪೋಲ್ಡ್‌ವಿಲ್, ಆಗ್ನೇಯದಲ್ಲಿ ಕಟಾಂಗಕ್ಕೆ ಅಡ್ಡಗೆರೆ, ಕೆಳಗೆ ಎಡಕ್ಕೆ ಅಂಗೋಲಾ. ರಾಜಧಾನಿಗೂ ಗಣಿ ಪ್ರಾಂತ್ಯಕ್ಕೂ ಇರುವ ದೂರ ನೋಡಿದರೆ ಸಾಕು, ಲುಮುಂಬಾಗೆ ವಿಮಾನಗಳು ಏಕೆ ಬೇಕಾದವು ಎಂಬುದು ತಿಳಿಯುತ್ತದೆ.

ಇದೇ ಪ್ರಶ್ನೆ 10 ಅಂಕಕ್ಕೆ ಬಂದರೆ ಸಮಯ ಏಳು ನಿಮಿಷ. ಆಗ ಕಾಂಗೋದ ಎರಡು ಪ್ಯಾರಾಗಳನ್ನು ಒಂದು ಮಾಡಿ, ಭಿಲಾಯಿ ಮತ್ತು ಬೆಲ್‌ಗ್ರೇಡ್ ಸಾಲುಗಳನ್ನು ಬಿಡಿ. ಕೊರಿಯಾದ ಅಪವಾದವನ್ನೂ ಕೊನೆಯ ಹೋಲಿಕೆಯನ್ನೂ ಮಾತ್ರ ಬಿಡಬೇಡಿ. ಪ್ರಶ್ನೆ ‘ಏಷ್ಯಾದ ಹೊಸ ರಾಷ್ಟ್ರಗಳು’ ಎಂದು ಬದಲಾದರೆ ಕಾಂಗೋ ಪೂರ್ತಿ ಹೋಗುತ್ತದೆ. ಆಗ ಕೊರಿಯಾ ಅಪವಾದವಾಗಿರದೆ ಮುಖ್ಯ ಉದಾಹರಣೆಯೇ ಆಗುವುದರಿಂದ ಮೊದಲ ಪ್ಯಾರಾದ ವಾದವನ್ನೂ ತಿರುಗಿಸಿ ಬರೆಯಬೇಕಾಗುತ್ತದೆ.